ಊತವೋ ಬಾವೋ: ಒಂದು ವಾಕ್ಯದ ಜಗಳ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮ ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಹೇಳಿಕೊಳ್ಳಲಿ ಬಿಡಿ. ಆ ಸಿಟ್ಟು ಇಲ್ಲದಿದ್ದರೆ ನಾನು ಬರೆದ ವಾಕ್ಯಗಳಲ್ಲೆಲ್ಲ ನನಗೆ ಅತ್ಯಂತ ಇಷ್ಟವಾದದ್ದು ಹುಟ್ಟುತ್ತಲೇ ಇರಲಿಲ್ಲ.

ಗೋವಿಂದರಾಜನಗರದಲ್ಲಿ ಒಂದು ಬಾಡಿಗೆ ಮನೆಯ ಮೇಲಂತಸ್ತಿನಲ್ಲಿ ನಮ್ಮ ಆಫೀಸು. ಬಸುರಿ ಹೆಂಗಸರ ಮೊಬೈಲಿಗೆ ಹೋಗುವ ಆರೋಗ್ಯದ ಸಂದೇಶಗಳನ್ನು ಅಲ್ಲಿ ತಯಾರಿಸುತ್ತೇವೆ. ಬರೆಯುವವಳೂ ನಾನೇ, ಮೈಕಿನ ಮುಂದೆ ಓದುವವಳೂ ನಾನೇ. ಒಂದು ನಿಮಿಷದೊಳಗೆ ಮುಗಿಯಬೇಕು. ಬೀದರಿನಿಂದ ಚಾಮರಾಜನಗರದವರೆಗೆ ಒಂದೇ ರೆಕಾರ್ಡಿಂಗು. ಕೇಳಲು ಸುಲಭ. ಆದರೆ ಒಂದು ಕಡೆ ಮಾತ್ರೆಯಾದದ್ದು ಇನ್ನೊಂದು ಕಡೆ ಗುಳಿಗೆ, ಒಂದು ಕಡೆ ಕಾಯಿಲೆಯಾದದ್ದು ಇನ್ನೊಂದು ಕಡೆ ಜಡ್ಡು, ನಮಗೆ ತಲೆಸುತ್ತು ಬಂದರೆ ಕಲಬುರಗಿಯವರಿಗೆ ಚಕ್ಕರ್ ಬರುತ್ತದೆ. ಇವನ್ನೆಲ್ಲ ಹೇಗೋ ಸಂಭಾಳಿಸಿಕೊಂಡು ಬಂದಿದ್ದೆ. ಬಸುರಿನಲ್ಲಿ ಬಿ.ಪಿ. ಏರುವುದರ ಬಗೆಗಿನ ಸಂದೇಶಕ್ಕೆ ಬಂದಾಗ ಬಂಡಿ ನಿಂತೇಹೋಯಿತು.

ಕೈ, ಮುಖ ದಪ್ಪಗಾಗುತ್ತದಲ್ಲ, ಅದಕ್ಕೆ ಏನನ್ನಬೇಕು? ನಾನು ಹುಟ್ಟಿ ಬೆಳೆದದ್ದು ಆಫೀಸಿನ ಪಕ್ಕದ ವಿಜಯನಗರ ಬಡಾವಣೆಯಲ್ಲಿ. ‘ಊತ’ ಎಂದು ಬರೆದೆ. ನಮ್ಮ ಡಾಕ್ಟರ್ ಮೇಡಂ ಹುಬ್ಬಳ್ಳಿಯವರು. ಕಾಗದ ನೋಡಿದವರೇ ತಲೆ ಅಲ್ಲಾಡಿಸಿದರು.

“ಬಾವು ಅಂತ ಬರೀರಿ. ನಮ್ಮ ಕಡೆ ಊತ ಅಂದ್ರ ಯಾರಿಗೆ ತಿಳೀತೈತಿ?”

“ನಮ್ಮ ಕಡೆ ಬಾವು ಅಂದ್ರೆ ಕೀವು ತುಂಬಿರೋ ಗಡ್ಡೆ ಮೇಡಂ. ಚನ್ನಪಟ್ಟಣದೋರು ಕೈಯಲ್ಲಿ ಗಡ್ಡೆ ಹುಡುಕ್ತಾ ಕೂತ್ಕೋತಾರೆ!”

ರೆಕಾರ್ಡಿಂಗ್ ಮಾಡುವ ಕರಾವಳಿಯವರು ಹೆಡ್‌ಫೋನ್ ತೆಗೆದು, “ನಮ್ಮಲ್ಲಿ ಬೀಗುದು ಅಂತ ಹೇಳುದು ಮಾರ್ರೆ. ನೀವಿಬ್ರು ಜಗಳ ಮಾಡ್ಬೇಡಿ, ಮೂರನ್ನೂ ಹಾಕಿ” ಎಂದರು.

ಮೇಡಂ ನಗಲಿಲ್ಲ. “ನೋಡ್ರಿ, ಇದು ಭಾಷಾದ ಜಗಳ ಅಲ್ಲ. ಈ ಒಂದು ಮಾತು ತಿಳೀಲಿಲ್ಲಂದ್ರ ಆಕಿ ಮನ್ಯಾಗ ಕುಂದರ್ತಾಳ. ಬಿ.ಪಿ. ಏರಿ ಫಿಟ್ಸ್ ಬಂದ್ರ ತಾಯಿ, ಕೂಸು ಇಬ್ಬರದೂ ಜೀವಕ್ಕ ಬರತೈತಿ” ಎಂದರು.

ಮೂರನ್ನೂ ಹಾಕಿ ಓದಿದೆ. ಯಾವ ಸಂದೇಶವನ್ನೂ ಕೇಳಿಸಿ ನೋಡದೆ ನಾವು ಕಳಿಸುವುದಿಲ್ಲ. ನಾಯಂಡಹಳ್ಳಿ ಕಡೆಯ ಒಂದು ಸಣ್ಣ ಆಸ್ಪತ್ರೆಯಲ್ಲಿ ಬಸುರಿಯರ ಚೆಕಪ್ ದಿನ ಹೋಗಿ ಕೂತೆವು. ಗಾರ್ಮೆಂಟ್ಸಿನವರು, ಕಟ್ಟಡದ ಕೆಲಸಕ್ಕೆ ಬಂದವರು, ಗೋಡೌನಿನವರ ಮನೆಯವರು, ಆ ಬೆಂಚುಗಳ ಮೇಲೆ ಅರ್ಧ ಕರ್ನಾಟಕ ಕೂತಿರುತ್ತದೆ. “ಅರ್ಥ ಆಯ್ತಾ?” ಎಂದು ನಾವು ಕೇಳುವುದೇ ಇಲ್ಲ. ಕೇಳಿದರೆ ಎಲ್ಲರೂ ಹೂಂ ಎನ್ನುತ್ತಾರೆ. ಇಲ್ಲ ಎಂದು ಹೇಳಿ ಮರ್ಯಾದೆ ಕಳೆದುಕೊಳ್ಳುವುದು ಯಾರಿಗೆ ಬೇಕು? “ಊರಲ್ಲಿರೋ ನಿಮ್ ತಂಗಿಗೆ ಇದನ್ನ ಫೋನಲ್ಲಿ ಹೆಂಗ್ ಹೇಳ್ತೀರಾ, ಹೇಳಿ” ಎನ್ನುತ್ತೇವೆ. ಆಗ ಬಣ್ಣ ಬಯಲಾಗುತ್ತದೆ, ಅವರದಲ್ಲ, ನಮ್ಮದು.

ಆವತ್ತು ಬಳ್ಳಾರಿ ಕಡೆಯ ಹೆಂಗಸೊಬ್ಬರು ಬಹಳ ಗಮನವಿಟ್ಟು ಕೇಳಿ ಹೇಳಿದರು: “ಮೂರು ಜಡ್ಡು ಹೇಳಿದ್ರಿ. ಮೊದಲ್ನೇದು ಏನಂತ ತಿಳೀಲಿಲ್ರಿ, ಮೂರ್ನೇದೂ ತಿಳೀಲಿಲ್ರಿ. ಮೂರೂ ಕೂಡಿ ಬಂದ್ರ ಡಾಕ್ಟರ್ ಕಡೆ ಹೋಗ್ಬೇಕು, ಹೌದಲ್ರೀ?”

ಅಯ್ಯೋ ದೇವರೇ! ಒಂದೇ ಸಂಗತಿಗೆ ಮೂರು ಹೆಸರು ಕೊಟ್ಟು ನಾನು ಮೂರು ರೋಗ ಮಾಡಿಟ್ಟಿದ್ದೆ. ಗುಳಿಗೆ, ಮಾತ್ರೆ ಎಂದು ಜೋಡಿಸಿ ಹೇಳಿದರೆ ನಡೆಯುತ್ತದೆ, ಅದು ಕೈಯಲ್ಲಿರುತ್ತದೆ. ಕಾಣದ, ಗೊತ್ತಿಲ್ಲದ ಹೆಸರುಗಳನ್ನು ಸಾಲಾಗಿ ನಿಲ್ಲಿಸಿದರೆ ಕೇಳುವವರು ಬೇರೆ ಬೇರೆ ಎಂದೇ ತಿಳಿಯುತ್ತಾರೆ. ಅವರ ತಪ್ಪೇನಿದೆ ಅದರಲ್ಲಿ?

ಆಟೋದಲ್ಲಿ ವಾಪಸ್ಸು ಬರುವಾಗ ಮೇಡಂ ಬೇಸತ್ತಿದ್ದರು. “ಸಾಕ್ರಿ. ದೊಡ್ಡಾಫೀಸಿನವ್ರು ಇಂಗ್ಲಿಷ್‌ನಿಂದ ತರ್ಜುಮೆ ಮಾಡಿ ಕಳಿಸ್ಯಾರಲ್ಲ, ಅದನ್ನ ಓದಿಬಿಡ್ರಿ. ತಪ್ಪಂತೂ ಇಲ್ಲ ಅದರಾಗ.” ಆ ತರ್ಜುಮೆಯನ್ನು ನಾನು ಓದಿದ್ದೆ. ‘ಗರ್ಭಿಣಿಯು ಮುಖ ಹಾಗೂ ಹಸ್ತಗಳಲ್ಲಿ ಶೋಫ ಕಂಡುಬಂದಲ್ಲಿ’ ಎಂದು ಶುರುವಾಗುತ್ತಿತ್ತು. ನೆತ್ತಿಗೇರಿತು ನನಗೆ.

“ಮೇಡಂ, ಊತ ನಮ್ದು, ಬಾವು ನಿಮ್ದು. ಈ ಶೋಫ ಯಾವ ಜಿಲ್ಲೇದು?”

ಆಟೋದವನೂ ಕನ್ನಡಿಯಲ್ಲಿ ನೋಡಿ ನಕ್ಕ. ಮೇಡಂ ಮಾತ್ರ ಗಂಭೀರವಾಗಿಯೇ, “ಹಂಗಾರ ಮುಂದಿನ ಚೆಕಪ್ ದಿನದ ತನಕ ಟೈಮ್ ಕೊಡ್ತೀನಿ. ಆವತ್ತೂ ತಿಳೀಲಿಲ್ಲಂದ್ರ ಶೋಫನ ಹೋಗತೈತಿ” ಎಂದರು. ಆ ಶೋಫ ಹೊರಟಿತೆಂದರೆ ಎಷ್ಟು ಮನೆಗಳಲ್ಲಿ ಎಷ್ಟು ಹೆಂಗಸರು ಕೇಳಿ, ಹೂಂ ಎಂದು, ಫೋನು ಕೆಳಗಿಟ್ಟು ಅಡಿಗೆಮನೆಗೆ ಹೋಗುತ್ತಾರೆ ಎಂದು ನೆನೆದರೇ ಹೊಟ್ಟೆ ಉರಿಯುತ್ತಿತ್ತು.

ನಾಲ್ಕು ಜನರನ್ನು ಕೇಳದೆ ನನಗೆ ಸಮಾಧಾನವಿಲ್ಲ. ನಾನಿರುವ ಕಟ್ಟಡದ ಮೇಲಿನ ಮನೆಯ ಚಿತ್ರದುರ್ಗದವರನ್ನು ಕೇಳಿದೆ, ಹೂವಿನವಳನ್ನು ಕೇಳಿದೆ, ಸಾಗರಕ್ಕೆ ಕೊಟ್ಟಿರುವ ತಂಗಿಗೆ ಫೋನು ಮಾಡಿದೆ. “ಇದಕ್ಕೆ ನಿಮ್ಮ ಕಡೆ ಏನಂತಾರೆ?” ಒಬ್ಬೊಬ್ಬರದು ಒಂದೊಂದು. ಹೆಸರುಗಳ ರಾಶಿ ದೊಡ್ಡದಾಯಿತೇ ಹೊರತು ದಾರಿ ಕಾಣಲಿಲ್ಲ. ಕೊನೆಗೆ ರೇಗಿಹೋಗಿ ತಂಗಿಯ ಮೇಲೆ ಕೂಗಿದೆ: “ಹೆಸರು ಹಾಳಾಗ್ಲಿ ಕಣೇ! ನೀನು ಬಸುರಿ ಆಗಿದ್ದಾಗ ಕೈ ಹಂಗಾಗಿದೆ ಅಂತ ನಿಂಗೆ ಹೆಂಗ್ ಗೊತ್ತಾಯ್ತು?”

“ಅದಕ್ಯಾಕೆ ಹಿಂಗ್ ಕಿರುಚ್ತೀಯ? ಬಳೆ ಸರೀತಾ ಇರ್ಲಿಲ್ಲ, ಗೊತ್ತಾಯ್ತು” ಎಂದಳು.

ಮತ್ತೆ ಮೇಲಿನ ಮನೆಗೆ ಓಡಿದೆ, ಹೂವಿನವಳ ಹತ್ತಿರ ಓಡಿದೆ. ಈ ಸಲ ಏನಂತಾರೆ ಎಂದು ಕೇಳಲಿಲ್ಲ, ಹೇಗೆ ಗೊತ್ತಾಗುತ್ತದೆ ಎಂದು ಕೇಳಿದೆ. ಬಳೆ ಕೈಗೆ ಕಚ್ಚಿಕೊಳ್ಳುತ್ತದೆ. ಉಂಗುರ ಬರುವುದಿಲ್ಲ. ಬೆಳಿಗ್ಗೆ ಎದ್ದರೆ ಮುಖ ದಪ್ಪಗಾಗಿ ಕಣ್ಣು ಸಣ್ಣಗಾಗಿರುತ್ತದೆ. ಹೆಸರಿನಲ್ಲಿ ಒಬ್ಬರಿಗೊಬ್ಬರು ಕೂಡದವರು ಬಳೆಯ ವಿಷಯದಲ್ಲಿ ಒಂದಾಗಿಬಿಟ್ಟರು. ನಿಂತಲ್ಲೇ ಬರೆದೆ:

‘ಅಕ್ಕ, ಬೆಳಿಗ್ಗೆ ಎದ್ದ ಕೂಡಲೇ ಕೈಯಲ್ಲಿರುವ ಬಳೆ ಸರಿಸಿ ನೋಡಿ. ಮೊದಲಿನ ಹಾಗೆ ಸರಿಯದೆ ಬಿಗಿಯಾಗಿದೆಯಾ? ಉಂಗುರ ಬಿಗಿಯಾಗಿದೆಯಾ? ಮುಖ ದಪ್ಪಗಾಗಿ ಕಣ್ಣು ಸಣ್ಣಗಾಗಿದೆಯಾ? ತಲೆನೋವು ಬಿಡದೆ ಕಾಡುತ್ತಿದೆಯಾ? ಕಣ್ಣು ಮಂಜಾಗಿದೆಯಾ? ಇದರಲ್ಲಿ ಯಾವುದೇ ಒಂದು ಇದ್ದರೂ ಸಾಕು, ಇವತ್ತೇ ಡಾಕ್ಟರ್ ಹತ್ತಿರ ಹೋಗಿ ಬಿ.ಪಿ. ನೋಡಿಸಿ.’

ಆಸ್ಪತ್ರೆಯೋ ದವಾಖಾನೆಯೋ ಎಂಬ ತಂಟೆಯೂ ಬೇಡವೆಂದು ‘ಡಾಕ್ಟರ್’ ಎಂದೇ ಹಾಕಿದ್ದೆ. ಡಾಕ್ಟರ್ ಯಾವ ಜಿಲ್ಲೆಯಲ್ಲೂ ಡಾಕ್ಟರೇ. ಮೇಡಂ ಓದಿ ಕನ್ನಡಕ ತೆಗೆದರು. “ಬಿಸಿಲಿಗೂ ಬಳಿ ಬಿಗಿ ಆಗ್ತಾವಲ್ರಿ?”

“ಆಗ್ಲಿ ಮೇಡಂ. ಬಂದು ಬಿ.ಪಿ. ನೋಡಿಸ್ಕೊಂಡು, ಏನೂ ಇಲ್ಲ ಅಂತ ಮನೆಗೆ ಹೋಗ್ಲಿ. ನಷ್ಟ ಏನು?”

ಮೇಡಂ ಕನ್ನಡಕ ಮತ್ತೆ ಹಾಕಿಕೊಂಡರು. ಕೇಳಿಸಿ ನೋಡೋಣ ಎಂದರು.

ಮತ್ತೆ ನಾಯಂಡಹಳ್ಳಿ, ಬೇರೆ ಹೆಂಗಸರು. ರೆಕಾರ್ಡಿಂಗ್ ಮುಗಿಯಿತು. ಮೊದಲು ಮದ್ದೂರಿನ ಹುಡುಗಿ ತಂಗಿಗೆ ಹೇಳುವ ಹಾಗೆ ಹೇಳಿದಳು: “ಕೈ ಊದ್ಕೊಂಡು ಬಳೆ ಬಿಗಿಯಾದ್ರೆ ಸುಮ್ನಿರ್ಬೇಡ, ಓಗಿ ಬಿ.ಪಿ. ನೋಡ್ಸು ಕಣೇ.” ಬಾಗಲಕೋಟೆಯವರು, “ಕೈಗೆ ಬಾವು ಬಂದು ಬಳಿ ಸರೀಲಿಲ್ಲಂದ್ರ ಅವತ್ತ ಡಾಕ್ಟರ್ ಕಡೆ ಹೋಗು” ಎಂದರು. ಮಂಗಳೂರಿನವರು, “ಕೈ ಬೀಗಿದ್ರೆ” ಎಂದು ಶುರು ಮಾಡಿದರು. ನನಗೆ ಕುರ್ಚಿಯ ಮೇಲೆ ಹತ್ತಿ ಕುಣಿಯುವ ಹಾಗಾಯಿತು! ನನ್ನ ಸಂದೇಶದಲ್ಲಿ ಊತವೂ ಇರಲಿಲ್ಲ, ಬಾವೂ ಇರಲಿಲ್ಲ, ಬೀಗುವುದೂ ಇರಲಿಲ್ಲ. ಬಳೆಯೊಂದನ್ನು ಕೊಟ್ಟೆ, ಅವರವರ ಮಾತನ್ನು ಅವರವರೇ ತಂದು ಜೋಡಿಸಿಕೊಂಡಿದ್ದರು. ಮೇಡಂ ಕಡೆ ತಿರುಗಿ ಹುಬ್ಬು ಹಾರಿಸಿದೆ.

ಮೇಡಂ ನನ್ನನ್ನು ನೋಡುತ್ತಿರಲಿಲ್ಲ. ಕೊನೆಯ ಬೆಂಚನ್ನು ನೋಡುತ್ತಿದ್ದರು.

ಅಲ್ಲಿ ಯಾದಗಿರಿ ಕಡೆಯ ಹೆಂಗಸೊಬ್ಬಳು ಕೂತಿದ್ದಳು. ತುಂಬು ಬಸುರಿ, ಆದರೆ ಚೆಕಪ್ಪಿಗೆ ಬಂದವಳಲ್ಲ. ಮೂರು ತಿಂಗಳಾಗಿದ್ದ ನಾದಿನಿಯ ಜೊತೆಗೆ ಬಂದಿದ್ದಳು. ಸೆರಗಿನ ಮರೆಯಲ್ಲಿ ಹಸಿರು ಬಳೆಯನ್ನು ತಳ್ಳುತ್ತಿದ್ದಳು. ಅದು ಸರಿಯುತ್ತಿರಲಿಲ್ಲ. ಇನ್ನೊಂದು ಕೈಯದನ್ನು ತಳ್ಳಿದಳು. ಅದೂ ಸರಿಯಲಿಲ್ಲ. ತಲೆಯೆತ್ತಿ ಮೆಲ್ಲಗೆ, “ಅಕ್ಕೋರೆ, ನಂದೂ ಹಂಗೇ ಆಗ್ಯದ್ರಿ” ಎಂದಳು.

ಮೇಡಂ ಎದ್ದು ಹೋಗಿ ತಾವೇ ಬಿ.ಪಿ. ಪಟ್ಟಿ ಕಟ್ಟಿದರು. ನೋಡಿದರು. ಸ್ವಲ್ಪ ಹೊತ್ತು ಎಡಕ್ಕೆ ಒರಗಿಸಿ ಮಲಗಿಸಿ, ಮತ್ತೆ ಕಟ್ಟಿ ನೋಡಿದರು. ಮೂತ್ರದ ಪರೀಕ್ಷೆಯನ್ನೂ ಮಾಡಿಸಿದರು. ಬಿ.ಪಿ. ಏರಿದೆ ಎಂದು ಅವರ ಮುಖ ನೋಡಿಯೇ ನನಗೆ ಗೊತ್ತಾಯಿತು.

“ತಲಿ ನೋಯ್ತೈತೇನ?”

“ಹೂಂರಿ, ನಿನ್ನಿಯಿಂದ ಒಂದೇ ಸಮ. ಅಂಗಡ್ಯಾಗಿನ ಗುಳಿಗಿ ತಗೊಂಡೀನ್ರಿ.”

ನಾದಿನಿ ಗಾಬರಿಯಾಗಿ, “ಇವತ್ತು ರಾತ್ರಿ ಬಸ್ಸಿಗೆ ಹೆರಿಗಿಗಿ ಊರಿಗಿ ಹೊಂಟಾಳ್ರಿ, ಟಿಕೇಟ್ ಆಗ್ಯದ” ಎಂದಳು.

“ಬಸ್ ಬಿಟ್ಟು ಆಂಬುಲೆನ್ಸ್ ಹತ್ಲಿ” ಎಂದರು ಮೇಡಂ. ಆಗಲೇ ಫೋನು ಕಿವಿಯಲ್ಲಿತ್ತು. ಗಾಡಿ ಬರುವವರೆಗೆ ಆ ಹೆಂಗಸಿನ ಕೈ ಹಿಡಿದುಕೊಂಡು ಕೂತೆ. ಆ ದಪ್ಪಗಾದ ಕೈ ಬಿಸಿಯಾಗಿತ್ತು. ರಾತ್ರಿಯಿಡೀ ಬಸ್ಸಿನಲ್ಲಿ, ಎಲ್ಲೋ ದಾರಿಯ ನಡುವೆ ಇವಳಿಗೆ ಏನಾದರೂ ಆಗಿದ್ದರೆ?

ಕೆಲವು ದಿನಗಳಾದ ಮೇಲೆ ರಾಜಾಜಿನಗರದ ಸ್ಟುಡಿಯೋದಲ್ಲಿ ಕೊನೆಯ ರೆಕಾರ್ಡಿಂಗಿಗೆ ಕೂತಿದ್ದೆವು. ನಾದಿನಿಯ ಫೋನು ಬಂತು. ಮೇಡಂ ಸ್ಪೀಕರ್ ಹಾಕಿದರು.

“ಹೆಣ್ಣು ಕೂಸು ಹುಟ್ಯದ್ರೀ! ಸಣ್ಣದದ, ಆದ್ರ ಗಟ್ಟಿ ಅದ. ತಾಯಿದೂ ಬಿ.ಪಿ. ಇಳದದ್ರಿ.”

ನಾನು ಹಾಕಿದ ಕೂಗಿಗೆ ಕರಾವಳಿಯವರು ಹೆಡ್‌ಫೋನ್ ಕಿತ್ತೆಸೆದರು. ಮೇಡಂ ಕಣ್ಣೊರೆಸಿಕೊಂಡು ನನ್ನ ಬೆನ್ನಿಗೆ ಒಂದು ಗುದ್ದು ಕೊಟ್ಟರು, ನಿಜವಾಗಿಯೂ ನೋಯುವ ಹಾಗೆ. ಫೋನಿನ ಆ ಕಡೆ ನಾದಿನಿ ಇನ್ನೂ ಮಾತಾಡುತ್ತಿದ್ದಳು.

“ನಮ್ಮೂರಾಗ ನಮ್ಮಕ್ಕನೂ ಬಸುರಿ ಇದ್ದಾಳ್ರಿ. ಆವತ್ತು ನೀವು ಹೇಳಿದ್ದು ಆಕಿ ಫೋನಿಗೂ ಬರ್ತದೇನ್ರಿ?”

“ಬರುತ್ತೆ ಕಣಮ್ಮ” ಎಂದೆ. “ಇವತ್ತೇ ಓದ್ತಾ ಇದೀನಿ. ಎಲ್ಲಾ ಜಿಲ್ಲೆಗೂ ಬರುತ್ತೆ.”

ಕರಾವಳಿಯವರು ಬೆರಳೆತ್ತಿದರು. ಕೆಂಪು ದೀಪ ಹತ್ತಿತು. ಗಂಟಲು ಸರಿಮಾಡಿಕೊಂಡು ಓದಿದೆ, ಒಂದೇ ಸಲಕ್ಕೆ ಓಕೆ ಆಯಿತು.