ಶೇರು ತಾನಾಗಿ ಒಳಗೆ ಹೋದದ್ದು

ತಂತಿ ಕ್ರೇಟಿನ ಚಿಲಕ ಬಿದ್ದ ಸದ್ದಿಗೆ ರೊಟ್ಟಿ ಬಡಿಯುತ್ತಿದ್ದ ಮೀರಾಬಾಯಿಯ ಕೈ ನಿಂತಿತು. ಹುಟ್ಟೂರು ಎಕಂಬಾದಲ್ಲಿ, ಅವಳು ಸಣ್ಣವಳಿದ್ದಾಗ, ಹಾಲು ಚೆಲ್ಲಿದ್ದಕ್ಕೆ ಕಾಕಿ, ಅಂದರೆ ಚಿಕ್ಕಪ್ಪನ ಹೆಂಡತಿ, ಅವಳನ್ನು ಜೋಳದ ಕೋಣೆಗೆ ನೂಕಿ ಹೀಗೇ ಚಿಲಕ ಹಾಕಿದ್ದಳು. ಕಾಕಿ ಸತ್ತು ಎಷ್ಟೋ ವರ್ಷವಾದರೂ, ಬಾಗಿಲಾಚೆ ಅವಳ ಬಳೆ ಸಪ್ಪಳ ಈಗಲೂ ಕೇಳುತ್ತಿತ್ತು.

ಈಗ ಒಳಗಿದ್ದದ್ದು ಶೇರು, ಮೊಮ್ಮಗಳು ಪ್ರಣಾಲಿ ಭಾಲ್ಕಿಯಿಂದ ಬೀದರಿನ ಈ ಬಾಡಿಗೆ ಮನೆಗೆ ತಂದ ನಾಯಿಮರಿ. ಚಾದರದ ಮೇಲೆ ಉಚ್ಚೆ ಹೊಯ್ದಿತ್ತು.

"ಗೂಡಿನ್ಯಾಗ ಬಿದ್ದಿರು, ಅಂದ್ರ ಬುದ್ಧಿ ಬರ್ತದ," ಎಂದಳು ಪ್ರಣಾಲಿ.

ಮರಿ ತಂತಿ ಕಚ್ಚಿ ಊಳಿಟ್ಟಿತು. ಮನೆ ಮಾಲಕಿ ಸತ್ಯಮ್ಮ ಮೇಲಿನಿಂದ ಮೆಟ್ಟಿಲಿಳಿದು ಬಂದಳು.

"ಮೀರಾಬಾಯಿ, ನಮ್ಮ ಮನ್ಯಾವ್ರು ಆಪರೇಶನ್ ಆಗಿ ಮಲಗ್ಯಾರ್ರಿ. ನೀವಿಬ್ರೂ ಹೊರಗ ಹೋದಾಗ ಹಿಂಗೇ ಒದರಿದ್ರ, ನಾಯಿ ಇಡಬ್ಯಾಡ್ರಿ."

"ಒದರದಂಗ ಮಾಡ್ತೇನ್ರಿ."

ಮರಿ ಉಸಿರೆಳೆಯಲು ತುಸು ಸುಮ್ಮನಾದಾಗ ಮೀರಾಬಾಯಿ ಬಾಗಿಲು ತೆಗೆದಳು. ಅಂದಿನಿಂದ ಶೇರು ಕ್ರೇಟಿನ ಹತ್ತಿರವೂ ಸುಳಿಯಲಿಲ್ಲ. "ಗೂಡು" ಎಂದರೆ ಸಾಕು, ಬಾಲ ಹೊಟ್ಟೆಗೆ ಸೇರುತ್ತಿತ್ತು.

"ಒಂದೇ ಸಲ ಹಾಕಿದ್ನಲ್ಲ ಆಯಿ," ಎಂದಳು ಮೊಮ್ಮಗಳು.

"ನನಗೂ ಒಂದೇ ಸಲ ಹಾಕಿದ್ರವ್ವಾ."



ಮೀರಾಬಾಯಿ ಕ್ರೇಟನ್ನು ಹಿತ್ತಲ ಮೂಲೆಯಿಂದ ತನ್ನ ಮಂಚದ ಮಗ್ಗುಲಿಗೆ ಎಳೆದಳು. ಬಾಗಿಲು ತಾನಾಗಿ ಮುಚ್ಚದಂತೆ ಹಿಂದಕ್ಕೆ ಕಟ್ಟಿದಳು. ಒಳಗೆ ಹಳೇ ಕೌದಿ ಹಾಸಿ, ಹೊರಗೆ ಮೂರು ಕಡೆ ತಾನು ಉಟ್ಟು ಬಿಟ್ಟ ಸೀರೆ ಹೊದಿಸಿದಳು. ಊಟದ ಬಟ್ಟಲು ಮೊದಲು ಬಾಗಿಲಲ್ಲೇ ಇಟ್ಟಳು. ಮರಿ ಹೆದರದೆ ತಿಂದ ಮೇಲೆ ತುಸು ಒಳಗೆ, ಆಮೇಲೆ ಇನ್ನೂ ಒಳಗೆ. ನೂಕುವುದಿಲ್ಲ, ಎಳೆಯುವುದಿಲ್ಲ. ಉಚ್ಚೆ ಹೊಯ್ದರೆ ಸುಮ್ಮನೆ ಒರೆಸಿ, ಎದ್ದಾಗ ಉಂಡಾಗ ಅಂಗಳಕ್ಕೆ ಒಯ್ಯುವಳು. ಮರಿಗೆ ಹೆದರಿಕೆಯಾಗಿದ್ದ "ಗೂಡು" ಎಂಬ ಮಾತನ್ನೂ ಬಿಟ್ಟಳು. "ಒಳಗ ಬಾ ರಾಜಾ," ಎಂದು ಒಂದು ಚೂರು ಕೋಳಿ ಹಾಕುವಳು.

"ಆಯಿ, ಅದಕ್ಕ ಮಹಲ್ ಕಟ್ಟೀದಿ. ನನಗ ಚಾಪಿ," ಎಂದು ಪ್ರಣಾಲಿ ನಕ್ಕಳು.

ಬಾಗಿಲು ಮುಚ್ಚುವುದೇ ಕಷ್ಟವಾಯಿತು, ಮರಿಗಲ್ಲ, ಅವಳಿಗೆ. ಮೀರಾಬಾಯಿ ಚಿಲಕಕ್ಕೆ ಕೈ ಹಾಕಿದರೆ ಬೆನ್ನ ಹಿಂದೆ ಕಾಕಿಯ ಬಳೆ ಆಡುತ್ತಿದ್ದವು. ಸದ್ದಾಗದಂತೆ ಚಿಲಕಕ್ಕೆ ಅರಿವೆ ಸುತ್ತಿದಳು. ಮರಿ ಉಣ್ಣುವಾಗ ಮುಚ್ಚಿ, ಉಂಡು ಮುಗಿಸುವ ಮೊದಲೇ ತೆಗೆದಳು. ಬರಬರುತ್ತ ಪಕ್ಕದಲ್ಲೇ ಕೂತು ತುಸು ಹೆಚ್ಚು ಹೊತ್ತು, ಮುಂದೆ ಅಡುಗೆಮನೆಗೆ ಹೋಗಿ ಬರುವಷ್ಟು. ಅದು ಚಡಪಡಿಸಿದರೆ ಮರುದಿನ ಹೊತ್ತು ಕಡಿಮೆ ಮಾಡುವಳು.

ಒಂದು ಮಧ್ಯಾಹ್ನ ಓಣಿಯಲ್ಲಿ ಮದುವೆ ಮೆರವಣಿಗೆ ಬಂತು. ಪಟಾಕಿಗೆ ಶೇರು ಪ್ರಣಾಲಿಯ ತೊಡೆಯಿಂದ ಹಾರಿ, ತೆರೆದ ಕ್ರೇಟಿಗೆ ನುಗ್ಗಿ ಕೌದಿಯಲ್ಲಿ ಮುದುಡಿತು. ಪ್ರಣಾಲಿ ಬಾಗಿಲು ಹಾಕಲು ಹೋದಳು.

"ಬಿಡು. ತನ್ನ ಮನಿಗಿ ತಾ ಬಂದದ," ಎಂದಳು ಮೀರಾಬಾಯಿ.

ಮರುದಿನ ಅದು ಉಂಡು ಒಳಗೆ ಮಲಗಿದ ಮೇಲೆ ಮೆಲ್ಲಗೆ ಚಿಲಕ ಹಾಕಿ ಇಬ್ಬರೂ ಸಂತೆಗೆ ಹೋದರು. ಬೇಗ ಬಂದರು. ಸತ್ಯಮ್ಮ ಮೆಟ್ಟಿಲ ಮೇಲೆ ಕೂತಿದ್ದಳು.

"ನಾಯಿ ಎಲ್ಲಿ ಬಿಟ್ಟು ಬಂದ್ರಿ? ಸಪ್ಪಳೇ ಇಲ್ಲ."

"ಒಳಗೇ ಅದರಿ."

"ಹಂಗಾದ್ರ ಇರ್ಲಿ ಬಿಡ್ರಿ."

ಮೀರಾಬಾಯಿ ಬಾಗಿಲು ತೆಗೆದಳು. ಶೇರು ಒಂದು ಕಣ್ಣು ಬಿಟ್ಟು ಮತ್ತೆ ಮುಚ್ಚಿತು. ಅವಳು ನೆಲಕ್ಕೆ ಕೂತು ಒಳಗೆ ಕೈ ಚಾಚಿದಳು. ಕತ್ತಲಿತ್ತು, ಬೆಚ್ಚಗಿತ್ತು. ಕೈ ಹಿಂದಕ್ಕೆ ತೆಗೆಯಲು ಮನಸ್ಸಾಗಲಿಲ್ಲ.