ಮನೆಯದೋ ಗಲ್ಲಿಯದೋ

ಮೆಹದಿಪಟ್ಟಣಂನ ಹಿಂದಿನ ಗಲ್ಲಿಗಳಲ್ಲಿ ಯಾವ ಗೋಡೆಗೆ ಯಾರು ಪಾನ್ ಉಗುಳುತ್ತಾರೆ, ಯಾವ ಮನೆಯವರು ಮೇಲಿನಿಂದಲೇ ಕಸ ಎಸೆಯುತ್ತಾರೆ ಎಂಬುದೆಲ್ಲ ಚನ್ನಬಸಪ್ಪನಿಗೆ ಬಾಯಿಪಾಠ. ಅವನ ಕೆಲಸ ಇರುವುದೇ ಅಲ್ಲಿ. ಇಪ್ಪತ್ತರ ವಯಸ್ಸಿನಲ್ಲಿ ಬೀದರ ಜಿಲ್ಲೆಯ ಚಿಟಗುಪ್ಪದಿಂದ ಬಂದವನು ಮೊದಲು ಟೀವಿ ಕೇಬಲ್ ಎಳೆದ. ಈಗ ಐವತ್ತು ಸಮೀಪಿಸಿದೆ, ಬೆಳಕಿನ ಮೂಲಕ ಇಂಟರ್ನೆಟ್ ಸಾಗಿಸುವ, ಕೂದಲೆಳೆಯಂಥ ಫೈಬರ್ ಜೋಡಿಸುತ್ತಾನೆ. ಕೈ ಇನ್ನೂ ನಡುಗುವುದಿಲ್ಲ. ಕೆಲಸದ ಮೇಲೆ ಅವನಿಗೆ ಯಾವತ್ತೂ ಹೇಸಿಗೆ ಹುಟ್ಟಿದ್ದಿಲ್ಲ. ಹೇಸಿಗೆ ಹುಟ್ಟಿದ್ದು ಶಿವಪ್ರಕಾಶನ ಪರೀಕ್ಷೆಯ ಮೇಲೆ.

ಶಿವಪ್ರಕಾಶ ಅವನ ಮಾಲೀಕ. ಊರ ಕಡೆಯವನೇ, ಹಣೆಯ ಮೇಲೆ ಮೂರು ಬೆರಳು ವಿಭೂತಿ. ಏಳೆಂಟು ಕಾಲೊನಿಗಳಿಗೆ ಇಂಟರ್ನೆಟ್ ಕೊಡುತ್ತಾನೆ. ಯಾರ ಮನೆಯಲ್ಲಿ ನೆಟ್ ನಿಂತರೂ ಮೊದಲು ಮಾಡಬೇಕಾದ ಕೆಲಸವನ್ನು ಅವನು ಮೂರು ವರ್ಷದ ಹಿಂದೆಯೇ ಗೊತ್ತುಮಾಡಿಬಿಟ್ಟಿದ್ದ. ಹೋದವನು ತನ್ನ ಫೋನಿನ ಹಾಟ್‌ಸ್ಪಾಟ್ ಹಚ್ಚಬೇಕು, ಮನೆಯವರ ಲ್ಯಾಪ್‌ಟಾಪನ್ನು ಅದಕ್ಕೆ ಕೂಡಿಸಬೇಕು. ಲ್ಯಾಪ್‌ಟಾಪ್ ನಡೆಯಿತೋ, "ನೋಡ್ರಿ, ಏರಿಯಾದಾಗ ನೆಟ್ ಛಲೋ ಐತಿ, ನಿಮ್ಮ ಮನಿಯಾಗಽ ಏನೋ ಕೆಟ್ಟೈತಿ" ಎನ್ನಬೇಕು. ಏರಿಯಾದ ದೋಷವೆಂದು ಬರೆದರೆ ಅವನಿಗೆ ನೆಟ್ ಒದಗಿಸುವ ಮೇಲಿನ ಕಂಪನಿ ಎಷ್ಟು ತಾಸು ನಿಂತಿತ್ತು ಎಂದು ಕೇಳುತ್ತದೆ. ಮನೆಯ ದೋಷವೆಂದು ಬರೆದರೆ ಯಾರೂ ಏನೂ ಕೇಳುವುದಿಲ್ಲ.

ಈ ಪರೀಕ್ಷೆಯಿಂದ ಗೊತ್ತಾಗುವುದು ಎರಡೇ ಮಾತು: ಲ್ಯಾಪ್‌ಟಾಪ್ ಸರಿ ಇದೆ, ಫೋನಿಗೆ ಮೊಬೈಲ್ ಟವರ್ ಸಿಗುತ್ತಿದೆ. ಟವರಿನ ಕಂಪನಿ ಬೇರೆ, ಅದರ ದಾರಿ ಬೇರೆ. ಮನೆಗೆ ಬರುವ ಫೈಬರ್ ಒಳಗೆ ತುಂಡಾಗಿದೆಯೋ ಹೊರಗೆ ತುಂಡಾಗಿದೆಯೋ ಅದಕ್ಕೇನು ಗೊತ್ತು? ಅದನ್ನು ತಿಳಿಯಬೇಕಾದರೆ ಇದೇ ಕಂಪನಿಯ ಪಕ್ಕದ ಮನೆಯವರನ್ನು ಕೇಳಬೇಕು, ಇಲ್ಲವೇ ಗಲ್ಲಿಯ ಡಬ್ಬಿ ತೆರೆದು ಬೆಳಕು ಬರುತ್ತಿದೆಯೋ ಎಂದು ಮೀಟರ್ ಹಚ್ಚಿ ನೋಡಬೇಕು. ಚನ್ನಬಸಪ್ಪನಿಗೆ ಇದು ಚೆನ್ನಾಗಿ ಗೊತ್ತು. ಗೊತ್ತಿದ್ದೂ ಮೂರು ವರ್ಷ ಹಾಟ್‌ಸ್ಪಾಟ್ ಹಚ್ಚುತ್ತ ಬಂದಿದ್ದ.

ಆ ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಹನುಮಂತರಾಯರ ಫ್ಲ್ಯಾಟಿಗೆ ಹೋದ. ರಾಯರು ರಕ್ಷಣಾ ಕಾರ್ಖಾನೆಯಿಂದ ನಿವೃತ್ತರಾದವರು, ಧಾರವಾಡದ ಕಡೆಯವರು. ಅವರ ಟೀವಿಯೂ ನೆಟ್‌ನಿಂದಲೇ ನಡೆಯುವಂಥದ್ದು; ಅದರ ಹಿಂದಿನ ಡಬ್ಬಿಯಲ್ಲಿ ಕೆಂಪು ದೀಪ ಮಿಣುಕುತ್ತಿತ್ತು. ಬೆಳಕು ಬರುತ್ತಿಲ್ಲ ಎಂದು ಅದರ ಅರ್ಥ. ಎಲ್ಲಿಂದ ಬರುತ್ತಿಲ್ಲ ಎಂಬುದನ್ನು ಅದೂ ಹೇಳುವುದಿಲ್ಲ. ಚನ್ನಬಸಪ್ಪ ರೂಢಿಯಂತೆ ಹಾಟ್‌ಸ್ಪಾಟ್ ಹಚ್ಚಿದ. ರಾಯರ ಲ್ಯಾಪ್‌ಟಾಪ್ ತಟ್ಟನೆ ನಡೆಯಿತು.

"ಏರಿಯಾ ಛಲೋ ಐತ್ರಿ. ಮನೀದಽ ಪ್ರಾಬ್ಲಮ್. ಒಳಗ ವೈರ್ ಕಟ್ ಆಗಿರಬೇಕು, ನಾಳೆ ಹೊಸಾದು ಎಳೀತೀನಿ," ಎಂದ.

ರಾಯರ ಹೆಂಡತಿ ಪ್ರೇಮಾ ಅಡುಗೆಮನೆಯತ್ತ ತಿರುಗಿದಳು. ಅಲ್ಲಿ ಕೆಲಸದ ಜಯಮ್ಮ ಪಾತ್ರೆ ತಿಕ್ಕುತ್ತಿದ್ದಳು. ಯಾದಗಿರಿ ಕಡೆಯ ಹೆಣ್ಣುಮಗಳು, ನಾಲ್ಕು ಮನೆಗಳ ಕೆಲಸ ಹಿಡಿದಿದ್ದಳು. ಆ ನಾಲ್ಕರಲ್ಲಿ ದೊಡ್ಡ ಮನೆ ಇದೇ.

"ಜಯಮ್ಮ, ನಿನ್ನೆ ಟೀವಿ ಸ್ಟ್ಯಾಂಡ್ ಸರಿಸಿ ಕಸ ಹೊಡದಿಯಲ್ಲ. ವೈರ್ ಎಳದಿ ಏನು?"

"ನಾ ವೈರ್ ಮುಟ್ಟಿಲ್ರಿ ಅಮ್ಮಾರ. ನಾ ಹೋದ ಮ್ಯಾಲೂ ನೀವು ಟೀವಿ ನೋಡಾಕತ್ತಿದ್ರಿ."

"ಮಾತಿಗೆ ಮಾತು ಕೊಡಬ್ಯಾಡ. ಅವರು ಫೋನ್ ಹಚ್ಚಿ ತೋರ್ಸ್ಯಾರ, ಮನಿಯಾಗಿಂದು ಅಂತ. ಮನಿಯಾಗ ಮತ್ಯಾರು ಮುಟ್ಟತಾರ ಅದನ್ನ?"

ಜಯಮ್ಮ ಒದ್ದೆ ಕೈಯಲ್ಲೇ ಬಾಗಿಲಿಗೆ ಬಂದು ಚನ್ನಬಸಪ್ಪನ ಮುಖ ನೋಡಿದಳು. ಅವನು ಒಂದು ಮಾತು ಆಡಿದ್ದರೆ ಸಾಕಿತ್ತು. ಅವನು ಚೀಲದ ಜಿಪ್ ಎಳೆಯುತ್ತ ನಿಂತ. ಬೇರೆ ನೋಡಿಕೋ, ನಾಳೆಯಿಂದ ಬರಬೇಡ ಎಂದು ಪ್ರೇಮಾ ಹೇಳಿದ್ದು ಮೆಟ್ಟಿಲಿಳಿಯುವಾಗ ಅವನ ಕಿವಿಗೆ ಬಿತ್ತು.

ಗೇಟು ದಾಟುವುದರೊಳಗೆ ಶಿವಪ್ರಕಾಶನ ಕಚೇರಿಯಿಂದ ಮತ್ತೊಂದು ದೂರು ಬಂತು. ಎದುರಿನ ಮನೆ. ಅಲ್ಲೂ ಕೆಂಪು ದೀಪವೇ. ಈ ಸಲ ಅವನು ಫೋನನ್ನು ಜೇಬಿನಿಂದ ತೆಗೆಯಲೇ ಇಲ್ಲ. ನೇರವಾಗಿ ಹಿಂದಿನ ಗಲ್ಲಿಗೆ ನಡೆದ.

ಎಂಟು ಮನೆಗಳಿಗೆ ಫೈಬರ್ ಹಂಚುವ ಡಬ್ಬಿ ಗಲ್ಲಿಯ ಗೋಡೆಗೆ ಜೋತುಬಿದ್ದಿತ್ತು. ಕೆಳಗೆ ಕೊಳೆತ ಅನ್ನ, ಒದ್ದೆ ಡೈಪರುಗಳು, ಯಾರೋ ಎಸೆದ ಕೋಳಿ ಪುಕ್ಕ. ಡಬ್ಬಿಯ ಮುಚ್ಚಳದ ಮೇಲೂ ಪಾನ್ ಉಗುಳು ಇಳಿದು ಒಣಗಿತ್ತು. ತೆರೆದು, ಒಳಬರುವ ಫೈಬರಿಗೆ ಮೀಟರ್ ಹಚ್ಚಿದ. ಬೆಳಕಿಲ್ಲ. ಡಬ್ಬಿಗೇ ಬಾರದ ಬೆಳಕು ರಾಯರ ಮನೆಗೆ ಎಲ್ಲಿಂದ ಬರಬೇಕು? ಕೇಬಲ್ ಹಿಡಿದು ಹದಿನೈದು ಹೆಜ್ಜೆ ಹೋದರೆ, ಕಸದ ಗುಡ್ಡೆಯಡಿಯಲ್ಲಿ ಇಲಿ ಕಡಿದದ್ದು ಸಿಕ್ಕಿತು. ಶಿವಪ್ರಕಾಶನಿಗೆ ಫೋನ್ ಮಾಡಿದ.

"ಗಲ್ಲಿದು ಐತ್ರಿ ಅಣ್ಣಾ. ಎಂಟೂ ಮನಿ ಹೋಗ್ಯಾವು. ಏರಿಯಾ ಅಂತ ಬರೀರಿ."

"ಹಾಟ್‌ಸ್ಪಾಟ್ ನಡೀತೋ ಇಲ್ಲೋ?"

"ನಡೀತು."

"ನಡೀತು ಅಂದಮ್ಯಾಗ ಮನೀದು. ಸುಮ್ಮನ ಜೋಡಿಸಿ ಬಾ. ಶಾಣ್ಯಾತನ ಮಾಡಬ್ಯಾಡ."

ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಕಸದ ಪಕ್ಕದಲ್ಲೇ ಕುಕ್ಕರುಗಾಲಿನಲ್ಲಿ ಕೂತು, ಕಡಿದ ಭಾಗ ಕತ್ತರಿಸಿ, ಎಳೆ ಒರೆಸಿ, ಯಂತ್ರದಲ್ಲಿಟ್ಟು ಬೆಸೆದ. ಹನ್ನೊಂದೂವರೆಗೆ ಮೀಟರಿನಲ್ಲಿ ಬೆಳಕು ಬಂತು. ಕೈ ತೊಳೆಯುವ ಮೊದಲೇ ಪ್ರೇಮಾಳ ಫೋನ್.

"ನೆಟ್ ತಾನಽ ಬಂತ್ರಿ. ಆಕಿನ್ನ ಹೊರಗ ಹಾಕಿದ್ದಽ ಛಲೋ ಆತು ನೋಡ್ರಿ."

ಚನ್ನಬಸಪ್ಪ ಫೋನ್ ಜೇಬಿಗಿಟ್ಟ. ಕೊಳಕು ಕೈಯಲ್ಲೇ ಎರಡು ಮಹಡಿ ಹತ್ತಿ ಬೆಲ್ ಒತ್ತಿದ. ಹನುಮಂತರಾಯರು ಬಾಗಿಲು ತೆರೆದು, ಅವನ ಬಟ್ಟೆ ನೋಡಿ ಒಂದು ಹೆಜ್ಜೆ ಹಿಂದೆ ಸರಿದರು.

"ಸಾಹೇಬ್ರ, ಗಲ್ಲಿಯಾಗ ಇಲಿ ಕಡಿದಿತ್ರಿ. ನಿಮ್ಮ ಮನಿಯಾಗ ಏನೂ ಕೆಟ್ಟಿಲ್ಲ. ಆ ಹೆಣ್ಮಗಳದು ಏನೂ ತಪ್ಪಿಲ್ರಿ."

"ಮುಂಜಾನೆ ನೀವಽ ಅಂದ್ರಲ್ಲಪ್ಪ, ಮನೀದು ಅಂತ. ಪರೀಕ್ಷಾ ಮಾಡಿ ತೋರ್ಸಿದ್ರಿ."

"ಆ ಪರೀಕ್ಷಾದಾಗ ಅದು ಗೊತ್ತಾಗೂದಿಲ್ರಿ."

"ಗೊತ್ತಾಗೂದಿಲ್ಲ ಅಂದ್ರ ಯಾಕ ಮಾಡಿದ್ರಿ?"

ಒಳಗಿನಿಂದ ಪ್ರೇಮಾ, "ಇರಲಿ ಬಿಡ್ರಿ, ಬ್ಯಾರೆಯಾಕಿಗೆ ನಾಳಿಯಿಂದ ಬಾ ಅಂತ ಹೇಳಿಬಿಟ್ಟೇನಿ. ಈಕಿಗೆ ಬಾಯಿ ಭಾಳ ಆಗಿತ್ತು," ಎಂದಳು. ಟೀವಿಯಲ್ಲಿ ಆಗಲೇ ಯಾವುದೋ ಧಾರಾವಾಹಿ ಶುರುವಾಗಿತ್ತು. ರಾಯರು ಬಾಗಿಲು ಮುಂದೆ ಮಾಡಿದರು. ಓದಿದ ಜನ, ಇಷ್ಟು ವರ್ಷ ಕಾರ್ಖಾನೆಯಲ್ಲಿ ತಪ್ಪು ಹುಡುಕಿದ ಮನುಷ್ಯ, ಇವರಿಗೂ ಒಂದು ಮನೆಗೆಲಸದವಳಿಗಿಂತ ಒಂದು ಧಾರಾವಾಹಿ ಹೆಚ್ಚಾಯಿತು. ಅವರನ್ನು ಬೈಯಲು ತನಗೆ ಯಾವ ಮುಖವಿದೆ ಎಂದುಕೊಳ್ಳುತ್ತ ಚನ್ನಬಸಪ್ಪ ಮೆಟ್ಟಿಲಿಳಿದ.

ಜಯಮ್ಮ ಕೆಳಗಿನ ಮನೆಯ ಕೆಲಸ ಮುಗಿಸಿ ನೀರಿನ ಸಂಪಿನ ಹತ್ತಿರ ಕಾಲು ತೊಳೆಯುತ್ತಿದ್ದಳು. ಅವನು ನಡೆದದ್ದನ್ನೆಲ್ಲ ಹೇಳಿದ: ಇಲಿ, ಗಲ್ಲಿ, ಮೇಲೆ ಹೋಗಿ ತಿಳಿಸಿದ್ದು, ಅವರು ಬೇರೆಯವಳನ್ನು ಗೊತ್ತುಮಾಡಿದ್ದು. ಅವಳು ನಲ್ಲಿ ನಿಲ್ಲಿಸಿ ಕೇಳಿದಳು.

"ಮುಂಜಾನಿ ಫೋನ್ ಹಚ್ಚಿದಾಗ ನಿಮಗ ಗೊತ್ತಿತ್ತೇನಣ್ಣಾ?"

"ಗಲ್ಲಿದು ಅಂತ ಗೊತ್ತಿರಲಿಲ್ಲವ್ವ. ಮನೀದು ಅಂತ ಹೇಳಾಕ ಬರೂದಿಲ್ಲ ಅನ್ನೂದು ಗೊತ್ತಿತ್ತು."

"ನಾ ನಿಮ್ಮ ಮಾರಿ ನೋಡಿದ್ನಿ."

"ಹೂಂ."

ಜಯಮ್ಮ ಸೆರಗಿನಿಂದ ಕೈ ಒರೆಸಿಕೊಂಡಳು. ಸಿಟ್ಟೇನೂ ಇರಲಿಲ್ಲ ಅವಳ ದನಿಯಲ್ಲಿ.

"ಹತ್ತು ವರ್ಷಾತು, ಮಂದಿ ಹೇಸಿಗಿ ಬಳೀತೀನಿ ಅಣ್ಣಾ. ಇಂಥಾದ್ದು ನೋಡಿರಲಿಲ್ಲ," ಎಂದು ಚಪ್ಪಲಿ ಮೆಟ್ಟಿಕೊಂಡು ಮುಂದಿನ ಮನೆಗೆ ಹೋದಳು.