ಎರಡು ಗೆರೆ ಹಿಂದೆ ನಿಂತ ಮುಳ್ಳು

ವಿಶಾಖಪಟ್ಟಣದ ದ್ವಾರಕಾ ನಗರದ ಆ ವಾಚಿನ ಅಂಗಡಿಯನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಸ್ಟಾಪ್‌ವಾಚೂ ಇರುವ ಕ್ರೊನೋಗ್ರಾಫ್ ವಾಚು ಬೇಕೆಂದು ಕೇಳಿದವಳು ನಾನು, ಕೊಂಡವಳು ನಾನು, ಲೋಹದ ಪಟ್ಟಿಯ ಕೊಂಡಿಗಳನ್ನು ತೆಗೆಸಿದ್ದು ನನ್ನ ಮಣಿಕಟ್ಟಿನ ಅಳತೆಗೆ. ಅಂಗಡಿಯವನು ಅದನ್ನು ಬಳಸುವ ಪಾಠ ಹೇಳಿದ್ದು ಮಾತ್ರ ಜೊತೆಗಿದ್ದ ನನ್ನ ಗಂಡನಿಗೆ. ಅವರಿಗೋ, ಫೋನಿನಲ್ಲಿ ಗಂಟೆ ಕಂಡರೆ ಸಾಕು.

ಕಲಿತವಳು ನಾನೇ. ವಾಚಿನ ಮುಖದಲ್ಲಿ ಮೂರು ಪುಟ್ಟ ವೃತ್ತಗಳಿವೆ. ಕೆಳಗಿನದರಲ್ಲಿ ಸೆಕೆಂಡು ಸದಾ ಓಡುತ್ತಿರುತ್ತದೆ. ಎಡಗಡೆಯದು ನಾವು ಅಳೆಯುವಾಗ ಕಳೆದ ನಿಮಿಷಗಳನ್ನು ಎಣಿಸುತ್ತದೆ. ಬಲಗಡೆಯದು ಇಪ್ಪತ್ತನಾಲ್ಕು ಗಂಟೆಯ ಲೆಕ್ಕದಲ್ಲಿ ಹಗಲೋ ರಾತ್ರಿಯೋ ಹೇಳುತ್ತದೆ. ನಡುವಿನ ಉದ್ದ ಮುಳ್ಳು ಹನ್ನೆರಡರಲ್ಲಿ ಸುಮ್ಮನೆ ನಿಂತಿರುತ್ತದೆ, ಕೆಟ್ಟಿದೆ ಎಂದುಕೊಳ್ಳಬಾರದು. ಬಲಬದಿಯ ಮೇಲಿನ ಗುಂಡಿ ಒತ್ತಿದರೆ ಹೊರಡುತ್ತದೆ, ಮತ್ತೆ ಒತ್ತಿದರೆ ನಿಲ್ಲುತ್ತದೆ, ಕೆಳಗಿನದನ್ನು ಒತ್ತಿದರೆ ಹನ್ನೆರಡಕ್ಕೆ ಮರಳುತ್ತದೆ. ಅಂಚಿನ ಸುತ್ತ ಇರುವ ಅಂಕಿಗಳು ಟ್ಯಾಕಿಮೀಟರ್, ಅಂದರೆ ವೇಗದ ಅಳತೆ.

ವಿಜಯವಾಡದ ಭವಾನಿಪುರಂನಲ್ಲಿರುವ ಅತ್ತೆಮನೆಗೆ ಹೊರಟಾಗ ರೈಲಿನ ಕಿಟಕಿಯಲ್ಲಿ ಪರೀಕ್ಷಿಸಿದೆ. ಹಳಿ ಪಕ್ಕದ ಒಂದು ಕಿಲೋಮೀಟರ್ ಕಲ್ಲಿನ ಬಳಿ ಗುಂಡಿ ಒತ್ತಿ, ಮುಂದಿನ ಕಲ್ಲಿನ ಬಳಿ ನಿಲ್ಲಿಸಬೇಕು. ಮೂವತ್ತಾರು ಸೆಕೆಂಡು ಹಿಡಿದರೆ ಮುಳ್ಳಿನ ನೇರಕ್ಕೆ ಅಂಚಿನಲ್ಲಿ ನೂರು ಇರುತ್ತದೆ: ಗಂಟೆಗೆ ನೂರು ಕಿಲೋಮೀಟರ್. ಆದರೆ ನನ್ನ ವಾಚಿನ ಮುಳ್ಳು ಮರಳಿಸಿದಾಗ ಪ್ರತಿ ಸಲವೂ ಹನ್ನೆರಡಕ್ಕಿಂತ ಎರಡು ಗೆರೆ ಹಿಂದೆಯೇ ನಿಲ್ಲುತ್ತಿತ್ತು. ಅಲ್ಲಿಂದ ಹೊರಟರೆ ಎರಡು ಸೆಕೆಂಡು ಕಡಿಮೆ ತೋರಿಸಿ, ರೈಲನ್ನು ಇರುವುದಕ್ಕಿಂತ ಜೋರಾಗಿ ಓಡಿಸುತ್ತಿತ್ತು.

ವಿಶಾಖಪಟ್ಟಣಕ್ಕೆ ಮರಳಿ, ಸರಿಮಾಡಿಸಲು ಅಂಗಡಿಗೆ ಹೋದೆವು. ಅಂಗಡಿಯವನೆದುರು ಮುಳ್ಳನ್ನು ಓಡಿಸಿ, ನಿಲ್ಲಿಸಿ, ಮರಳಿಸಿ ತೋರಿಸಿದೆ. ಎರಡು ಗೆರೆ ಹಿಂದೆ! ಅವನು ನಕ್ಕ.

"ಗುಂಡಿ ಒತ್ತೋದು ತಪ್ಪಾಗಿರ್ತದೆ ಮೇಡಂ. ಅದೆಲ್ಲ ಅಂದಕ್ಕೆ ಇರೋದು, ನಿಮಗ್ಯಾಕೆ?" ಎಂದು ನನ್ನ ಮಾತು ಕೇಳಿ ತನಗೆ ಬರುವ ಕನ್ನಡದಲ್ಲಿ ಹೇಳಿ, ಗಂಡನತ್ತ ತಿರುಗಿ ತೆಲುಗಿಗೆ ಹೊರಳಿದ. "ಸಾರ್, ಮೀರು ಒಕಸಾರಿ ನೊಕ್ಕಂಡಿ."

ನೀವೊಮ್ಮೆ ಒತ್ತಿ ಎಂದು! ಯಾವ ಗುಂಡಿ ಎಂದು ಗಂಡ ನನ್ನನ್ನೇ ಕೇಳಿದರು. ನಾನು ತೋರಿಸಿದೆ, ಅವರು ಒತ್ತಿದರು. ಮುಳ್ಳು ಅದೇ ಜಾಗದಲ್ಲಿ ನಿಂತಿತು.

"ಅವುನು ಸಾರ್, ಪ್ರಾಬ್ಲಮ್ ಉಂದಿ" ಎಂದು ಅಂಗಡಿಯವನು ತಕ್ಷಣ ಒಪ್ಪಿಕೊಂಡ. ನನಗೆ ಕಪಾಳಕ್ಕೆ ಹೊಡೆದಂತಾಯಿತು. ವಾಚು ಅದೇ, ಗುಂಡಿ ಅದೇ, ಬೆರಳು ಮಾತ್ರ ಬೇರೆ.

ಅವನು ಎರಡು ಗುಂಡಿಗಳ ನಡುವೆ ಗಂಟೆ ಹೊಂದಿಸಲು ಇರುವ ತಿರುಪನ್ನು ಹೊರಗೆಳೆದು, ಮುಳ್ಳು ಹನ್ನೆರಡಕ್ಕೆ ಬರುವವರೆಗೆ ಗುಂಡಿ ಒತ್ತಿದ, ಗಂಟೆ ಹೊಂದಿಸಿ ತಿರುಪನ್ನು ಒಳತಳ್ಳಿದ. ಅಷ್ಟೇ ಕೆಲಸ. ವಾಚನ್ನು ಗಂಡನತ್ತ ಚಾಚಿದ. ಅವರೂ ಏನೂ ಯೋಚಿಸದೆ ಕೈ ನೀಡಿದರು! ಅವನು ಬಿಗಿದ, ಎಳೆದ, ಮತ್ತೆ ಬಿಗಿದ. ಪಟ್ಟಿಯ ಎರಡು ತುದಿಗಳು ಸೇರಲೇ ಇಲ್ಲ.

ನಾನು ಅದನ್ನು ಬಿಡಿಸಿಕೊಂಡು ನನ್ನ ಕೈಗೆ ಹಾಕಿಕೊಂಡೆ. ಟಕ್ಕೆಂದು ಕೂತಿತು.

ಮೆಟ್ಟಿಲು ಇಳಿಯುವಾಗ ಗಂಡ ಕೇಳಿದರು, "ಸರಿ ಆಯ್ತಲ್ಲ, ಇನ್ನೂ ಯಾಕೆ ಮುಖ ಊದಿಸ್ಕೊಂಡಿದೀಯ?"

"ಸರಿ ಆಗಿದ್ದು ಮುಳ್ಳು ಮಾತ್ರ ಕಣ್ರೀ" ಎಂದೆ.